ವಂದನಾರ್ಪಣೆ ಯಾರ ಪರವಾಗಿ?

ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ವಂದನಾರ್ಪಣೆಗೆ ಸಿಗುವುದು ಕೊನೆಯ ಸಾಲು. ದಿನದ ಕೊನೆಗೆ ಸಿಗುವುದೂ ಅಷ್ಟೇ. 10 ಗಂಟೆಯ ಉದ್ಘಾಟನೆ 11ಕ್ಕೆ ಶುರುವಾಗಿ, ಗೋಷ್ಠಿಗಳು ಒಂದರ ಹಿಂದೊಂದು ತಡವಾಗಿ, ಸಮಾರೋಪದ ಅಧ್ಯಕ್ಷರು ಮಾತು ಮುಗಿಸುವಾಗ ಸಂಜೆ ಐದೂವರೆ. ಹಿಂದಿನ ಸಾಲಿನವರು ಬ್ಯಾಗು ಹೆಗಲಿಗೆ ಹಾಕಿಕೊಂಡಾಗಿದೆ. ಪ್ರಮಾಣಪತ್ರ ಕೊಡುವ ಮೇಜಿನ ಮುಂದೆ ಗುಂಪು ಸೇರಿದೆ. ಆಗ ಒಬ್ಬ ಅಧ್ಯಾಪಕರು ಮಡಚಿದ ಹಾಳೆ ಬಿಡಿಸುತ್ತ ಮೈಕಿನ ಹತ್ತಿರ ಬರುತ್ತಾರೆ.

ಅವರ ಬಾಯಿಂದ ಏನು ಬರುತ್ತದೆಂದು ಸಭೆಗೆ ಮೊದಲೇ ಗೊತ್ತು. ತಮ್ಮ ಕಾರ್ಯಬಾಹುಳ್ಯದ ನಡುವೆಯೂ ಬಿಡುವು ಮಾಡಿಕೊಂಡು ಬಂದು, ವಿದ್ವತ್ಪೂರ್ಣವಾಗಿ ವಿಷಯ ಮಂಡಿಸಿದ, ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವನ್ನು ಹಿಂದಿನ ರಾತ್ರಿಯೇ ಬರೆದಿಟ್ಟದ್ದು ಕೇಳುವವರಿಗೆ ತಿಳಿದುಬಿಡುತ್ತದೆ. ಭಾಷಣ ಆಗುವುದಕ್ಕೆ ಮೊದಲೇ ಅದು ವಿದ್ವತ್ಪೂರ್ಣ ಎಂದು ಬರೆದಾಗಿದ್ದರೆ ಆ ಹೊಗಳಿಕೆಯನ್ನು ಯಾರು ತಾನೇ ನಂಬುತ್ತಾರೆ?

ಈ ಪದ್ಧತಿಯ ಹಳೆಯ ರೂಪ ನಮ್ಮ ಶಾಸನಸಭೆಗಳಲ್ಲಿ ಇನ್ನೂ ಉಳಿದಿದೆ. ರಾಜ್ಯಪಾಲರ ಭಾಷಣಕ್ಕೆ ಒಬ್ಬ ಸದಸ್ಯರು ವಂದನಾ ನಿರ್ಣಯ ಮಂಡಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚರ್ಚೆಯಾದ ಮೇಲೆ ಸದನ ಅದನ್ನು ಅಂಗೀಕರಿಸಬೇಕು. ಬ್ರಿಟಿಷ್ ಸಭೆಗಳಲ್ಲೂ ಕ್ರಮ ಇದೇ ಆಗಿತ್ತು. ಕೇಳಲು ಬಂದವರಲ್ಲೇ ಒಬ್ಬರು ಎದ್ದು ಭಾಷಣಕಾರರಿಗೆ ವಂದನೆ ಸೂಚಿಸುವುದು, ಮತ್ತೊಬ್ಬರು ಅನುಮೋದಿಸುವುದು, ಉಳಿದವರು ಚಪ್ಪಾಳೆ ತಟ್ಟಿ ಒಪ್ಪುವುದು. ಎಂದರೆ ವಂದಿಸುತ್ತಿದ್ದದ್ದು ಸಭೆ. ನಮ್ಮ ಕಾಲೇಜುಗಳಿಗೆ ಬರುವಾಗ ಆ ಕೆಲಸ ಸಂಘಟಕರ ಕೈಗೆ ಹೋಯಿತು. ಕೇಳಿದವರ ಬದಲು ಕರೆಸಿದವರು ವಂದಿಸತೊಡಗಿದರು. ಮಾತು ಸವಕಲಾಗುವುದಕ್ಕೆ ಅರ್ಧ ಕಾರಣ ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ಕರೆಸಿದವರಿಗೆ ಅತಿಥಿ ಬಂದದ್ದೇ ದೊಡ್ಡದು, ಹಾಗಾಗಿ ಬಂದದ್ದಕ್ಕೆ ವಂದಿಸುತ್ತಾರೆ. ಕೇಳಿದವರಾದರೆ ಹೇಳಿದ್ದಕ್ಕೆ ವಂದಿಸುತ್ತಾರೆ.

ಆದ್ದರಿಂದ ಹಾಳೆಯಲ್ಲಿ ಹೆಸರು ಬರೆಯುವಾಗಲೇ ಪ್ರತಿ ಹೆಸರಿನ ಮುಂದೆ ‘ಈ ವಂದನೆ ಯಾರ ಪರವಾಗಿ’ ಎಂದು ಕೇಳಿಕೊಳ್ಳಬೇಕು. ಭಾಷಣಕಾರರಿಗೆ ಸಲ್ಲಬೇಕಾದದ್ದು ಕೇಳುಗರ ವಂದನೆ. ಅಡುಗೆಯವರಿಗೆ, ಸಭಾಂಗಣ ಗುಡಿಸಿದವರಿಗೆ, ಅನುದಾನ ಕೊಟ್ಟ ಸಂಸ್ಥೆಗೆ, ಸಭಿಕರಿಗೆ ಸಲ್ಲಬೇಕಾದದ್ದು ಸಂಘಟಕರ ವಂದನೆ. ಇವೆರಡನ್ನೂ ಒಂದೇ ದನಿಯಲ್ಲಿ ಹೇಳಹೊರಟಾಗಲೇ ಎಲ್ಲರಿಗೂ ಒಂದೇ ವಿಶೇಷಣ ಹಂಚಿಹೋಗುವುದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಕೆರೆಗಳ ಬಗ್ಗೆ ಒಂದು ದಿನದ ಸಂಕಿರಣ. ಮೊದಲ ಗೋಷ್ಠಿಯಲ್ಲಿ ಇತಿಹಾಸದ ಪ್ರಾಧ್ಯಾಪಕಿಯೊಬ್ಬರು ಶಾಸನಗಳಲ್ಲಿ ಬರುವ ಬಿತ್ತುವಟ್ಟದ ವಿಚಾರ, ಅಂದರೆ ಕೆರೆಯ ಪಾಲನೆಗೆಂದು ಕೊಡುತ್ತಿದ್ದ ದತ್ತಿಯ ವಿಚಾರ ಹೇಳಿದರು. ಎರಡನೆಯದರಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ತೂಬು, ಕೋಡಿ, ಹೂಳಿನ ಲೆಕ್ಕ ಹೇಳಿದರು. ಮಧ್ಯಾಹ್ನದ ಸಂವಾದದಲ್ಲಿ ಪಕ್ಕದ ಊರಿನ ರೈತರೊಬ್ಬರು ಎದ್ದು, ನೀರಗಂಟಿಯೇ ಇಲ್ಲದ ಊರಲ್ಲಿ ತೂಬು ಎತ್ತುವವರು ಯಾರು ಎಂದು ಕೇಳಿದರು.

ವಂದಿಸುವವರು ದಿನವಿಡೀ ಮಾಡಬೇಕಾದ ಕೆಲಸ ಒಂದೇ. ಮುಂದಿನ ಸಾಲಿನಲ್ಲಿ ಕೂತು, ಪ್ರತಿ ಭಾಷಣದಿಂದ ಒಂದೇ ಒಂದು ವಿಷಯವನ್ನು ಚೀಟಿಯಲ್ಲಿ ಬರೆದುಕೊಳ್ಳುವುದು. ಸಾರಾಂಶ ಬೇಡ, ಎದ್ದುಹೋದ ಮೇಲೂ ತಲೆಯಲ್ಲಿ ಉಳಿಯುವಂಥದ್ದು ಸಾಕು. ನಮ್ಮಲ್ಲಿ ಈ ಕೆಲಸವನ್ನು ಹೆಚ್ಚಾಗಿ ಊಟದ ವ್ಯವಸ್ಥೆಗೂ ಓಡಾಡುತ್ತಿರುವವರಿಗೇ ವಹಿಸುತ್ತಾರೆ. ಪಾಪ, ಅವರು ಒಂದು ಗೋಷ್ಠಿಯನ್ನೂ ಪೂರ್ತಿ ಕೇಳಿರುವುದಿಲ್ಲ. ವಂದನಾರ್ಪಣೆ ಮಾಡುವವರಿಗೆ ಅವತ್ತು ಬೇರೆ ಹೊಣೆ ಕೊಡಬಾರದು. ಓಡಾಟ ತಪ್ಪದು ಎಂದಾದರೆ ಪ್ರತಿ ಗೋಷ್ಠಿಗೂ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಆ ಚೀಟಿ ಬರೆಸಬಹುದು.

ಸಂಜೆ ಆ ಚೀಟಿಗಳಿಂದ ಮಾತು ಹುಟ್ಟುತ್ತದೆ. ‘ಕೆರೆ ಕಟ್ಟಿಸುವುದಷ್ಟೇ ಅಲ್ಲ, ಅದನ್ನು ನೋಡಿಕೊಳ್ಳುವ ಖರ್ಚಿಗೂ ದಾರಿ ಮಾಡಿಡುತ್ತಿದ್ದರು ಎಂದು ಮೇಡಂ ತೋರಿಸಿಕೊಟ್ಟರು. ನಮ್ಮೂರಿನ ಶಾಸನದ ಕಲ್ಲನ್ನು ಇನ್ನು ಬೇರೆ ಕಣ್ಣಿನಿಂದ ನೋಡುತ್ತೇವೆ. ಅವರಿಗೆ ನಮ್ಮೆಲ್ಲರ ವಂದನೆ.’ ಇಷ್ಟು ಹೇಳಲು ಅರ್ಧ ನಿಮಿಷವೂ ಬೇಡ. ವಿದ್ವತ್ಪೂರ್ಣ ಎಂಬ ಪದದ ಅಗತ್ಯವೇ ಬೀಳಲಿಲ್ಲ. ಎಂಜಿನಿಯರ್ ಅವರಿಗೆ ವಂದಿಸುವಾಗ ರೈತರ ಪ್ರಶ್ನೆಯನ್ನೂ ಜೊತೆಗೇ ತರಬಹುದು: ‘ಸರ್ ತೂಬಿನ ಲೆಕ್ಕ ಕೊಟ್ಟರು. ಅದನ್ನು ಎತ್ತುವವರು ಯಾರು ಎಂದು ಯಜಮಾನರು ಕೇಳಿದರು. ಲೆಕ್ಕಕ್ಕೂ ಪ್ರಶ್ನೆಗೂ ನಾವು ಋಣಿಗಳು.’

ಇಲ್ಲಿ ಒಂದು ಅಪಾಯವಿದೆ. ಚೀಟಿ ಕೈಯಲ್ಲಿದ್ದ ಉತ್ಸಾಹದಲ್ಲಿ ಕೆಲವರು ಭಾಷಣವನ್ನೇ ಮತ್ತೆ ಮಾಡಿಬಿಡುತ್ತಾರೆ, ‘ಇದಕ್ಕೆ ನಾನೊಂದು ಮಾತು ಸೇರಿಸುವುದಾದರೆ’ ಎಂದು ಹೊರಡುತ್ತಾರೆ. ಬಾಗಿಲ ಕಡೆ ಕುರ್ಚಿ ಎಳೆಯುವ ಸದ್ದು ಕೇಳಿಸಿತೆಂದರೆ ಎರಡನೆಯ ವಾಕ್ಯ ಜಾಸ್ತಿಯಾಯಿತು ಎಂದೇ ಅರ್ಥ. ಒಪ್ಪಿಗೆಯಾಗದ ಭಾಷಣಕ್ಕೂ ಇದೇ ನಿಯಮ. ತಿದ್ದಲು ಅದು ವೇದಿಕೆಯಲ್ಲ. ಆ ಭಾಷಣ ಎಬ್ಬಿಸಿದ ಪ್ರಶ್ನೆಯನ್ನು ಹೆಸರಿಸಿ ವಂದಿಸಿದರೆ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ಮನಸ್ಸು ನೋಯಿಸಿದಂತೆಯೂ ಆಗುವುದಿಲ್ಲ.

ಹೆಸರುಗಳ ಗೊಂದಲ ಮಾತ್ರ ಹಿಂದಿನ ದಿನವೇ ಮುಗಿಯಬೇಕು. ಸಂಚಾಲಕರಿಂದ ಪಟ್ಟಿ ಪಡೆದು, ಹೆಸರು, ಇನಿಷಿಯಲ್ಲು, ಹುದ್ದೆ ಮೂರನ್ನೂ ಆಹ್ವಾನ ಪತ್ರಿಕೆಯ ಜೊತೆ ಹೋಲಿಸಬೇಕು. ಬೆಳಿಗ್ಗೆ ಯಾರು ಬಂದರು, ಯಾರ ಬದಲು ಯಾರು ಬಂದರು ಎಂದು ತಿದ್ದಿಕೊಳ್ಳಬೇಕು. ಬಾರದ ಅತಿಥಿಗೆ ‘ಆಗಮಿಸಿ ಶೋಭೆ ತಂದ’ ಎಂದು ವಂದಿಸಿ ಸಭೆ ನಕ್ಕ ಪ್ರಸಂಗಗಳು ಎಲ್ಲ ಊರಲ್ಲೂ ಇವೆ. ಊಟವಾದ ಮೇಲೆ ಹೊರಟುಹೋದವರನ್ನು ಬಿಡಬಾರದು. ಅವರು ಕೇಳಿಸಿಕೊಳ್ಳದಿದ್ದರೂ ಅವರ ಮಾತು ಕೇಳಿದವರು ಕೂತಿದ್ದಾರಲ್ಲ.

ಪಟ್ಟಿ ಉದ್ದವಾಯಿತೆಂದರೆ ಎಲ್ಲ ಹೆಸರನ್ನೂ ಓದುವ ಬದಲು ಕೆಲಸವನ್ನು ಹೇಳಬಹುದು. ‘ಬೋಧಕೇತರ ಸಿಬ್ಬಂದಿಗೆ ಧನ್ಯವಾದ’ ಎಂದರೆ ಯಾರ ಮುಖವೂ ಅರಳುವುದಿಲ್ಲ. ‘ಮಧ್ಯಾಹ್ನ ಕರೆಂಟು ಹೋದಾಗ ಐದೇ ನಿಮಿಷದಲ್ಲಿ ಜನರೇಟರ್ ಹಾಕಿಸಿದವರು’ ಎಂದರೆ ಸಭೆ ತಾನಾಗಿ ತಿರುಗಿ ನೋಡುತ್ತದೆ. ಪ್ರಾಂಶುಪಾಲರು, ಆಡಳಿತ ಮಂಡಳಿ, ಅನುದಾನ ಕೊಟ್ಟವರು ಇವರ ಹೆಸರು ಹೇಳಲೇಬೇಕು, ಅದು ಶಿಷ್ಟಾಚಾರ. ಆದರೆ ಒಂದೊಂದು ವಾಕ್ಯ ಸಾಕು. ಕೆಲವು ಕಡೆ ಮಾತಿನ ಮುಕ್ಕಾಲು ಪಾಲು ವೇದಿಕೆ ಮೇಲಿರುವ ಸ್ವಂತ ಸಂಸ್ಥೆಯವರಿಗೇ ಹೋಗುತ್ತದೆ. ಸ್ವಂತ ಮನೆಯ ಯಜಮಾನರನ್ನು ನೆಂಟರ ಮುಂದೆ ಹೊಗಳಿದಂತೆ ಕೇಳಿಸುತ್ತದೆ ಅದು.

‘ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಕ್ಷಮಿಸಿ’ ಎಂಬ ಕೊನೆಯ ಸಾಲು ಬಿಟ್ಟುಹೋದವರನ್ನು ಸಮಾಧಾನ ಮಾಡಿದ್ದನ್ನು ನಾನಂತೂ ಕಂಡಿಲ್ಲ. ವೇದಿಕೆ ಹತ್ತುವ ಮೊದಲು ಸಂಚಾಲಕರಿಗೆ ಒಮ್ಮೆ ಪಟ್ಟಿ ತೋರಿಸಿದರೆ ಅದರ ಅಗತ್ಯವೇ ಬರುವುದಿಲ್ಲ.

ಸಭಿಕರದ್ದು ಕೊನೆಯ ಸರದಿ. ‘ತಾಳ್ಮೆಯಿಂದ ಆಲಿಸಿದ’ ಎನ್ನುವುದು ವಾಡಿಕೆ. ಹಾಗೆಂದರೆ ಭಾಷಣಗಳು ತಾಳ್ಮೆ ಕೆಡಿಸುವಂತಿದ್ದವು ಎಂದಂತಾಗುತ್ತದೆ! ಅವರು ಅವತ್ತು ಮಾಡಿದ್ದೇನು ಎಂದು ನೋಡಿ ಹೇಳಬೇಕು. ದೂರದ ಹಳ್ಳಿಯಿಂದ ಬಸ್ಸು ಬದಲಿಸಿ ಬಂದವರು, ಊಟದ ನಂತರದ ಗೋಷ್ಠಿಗೂ ಉಳಿದವರು, ಪ್ರಶ್ನೆ ಕೇಳಿದವರು.

ಇಷ್ಟಕ್ಕೂ ನಾಲ್ಕು ನಿಮಿಷ ಸಾಕು. ಪ್ರಮಾಣಪತ್ರ ಎಲ್ಲಿ ಸಿಗುತ್ತದೆ, ಪ್ರಯಾಣ ಭತ್ಯೆಯ ಅರ್ಜಿ ಯಾರಿಗೆ ಕೊಡಬೇಕು ಎಂಬ ಪ್ರಕಟಣೆಗಳನ್ನು ವಂದನೆಯ ನಡುವೆ ತೂರಿಸದೆ ನಿರೂಪಕರಿಗೆ ಬಿಡಬೇಕು. ಅವರು ಅದನ್ನು ಹೇಳಿ, ರಾಷ್ಟ್ರಗೀತೆಗೆ ಎದ್ದು ನಿಲ್ಲುವಂತೆ ಕೋರುತ್ತಾರೆ.