ನಿಮಗಿದು ಗೊತ್ತೇ? ಎಲ್ಲರೂ ಎಳೆದ ಹಗ್ಗ, ಯಾರೂ ಎತ್ತದ ಕೈ

ಎಂಟು ಜನ ಸೇರಿ ಹಗ್ಗ ಎಳೆದರೆ ಎಂಟು ಜನರ ಬಲ ಬರುತ್ತದೆ ಅಂದುಕೊಂಡಿದ್ದೀರಾ? ಇಲ್ಲ! ಬರುವುದು ಹೆಚ್ಚುಕಡಿಮೆ ನಾಲ್ಕು ಜನರ ಬಲ!

ಇದನ್ನು ಮೊದಲು ಅಳೆದವರು ಮನಶ್ಶಾಸ್ತ್ರಜ್ಞರೇ ಅಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್! ಎತ್ತು, ಕುದುರೆ, ಮನುಷ್ಯ, ಯಂತ್ರ, ಇವುಗಳಲ್ಲಿ ಯಾವುದರ ದುಡಿಮೆ ಎಷ್ಟು ಎಂದು 1880ರ ದಶಕದಲ್ಲಿ ಅವರು ಲೆಕ್ಕ ಹಾಕುತ್ತಿದ್ದರು. ಅವರು ಕೊಟ್ಟ ಅಂಕಿ ನೋಡಿ. ಒಬ್ಬನೇ ಎಳೆದರೆ ಬಲ 100 ಎಂದುಕೊಳ್ಳಿ. ಇಬ್ಬರಾದರೆ ತಲಾ 93ಕ್ಕೆ ಇಳಿಯಿತು. ನಾಲ್ವರಾದರೆ 77. ಎಂಟು ಜನರಾದಾಗ ತಲಾ 49! ಈ ಲೆಕ್ಕ ಅಚ್ಚಾಗಿದ್ದು 1913ರಲ್ಲಿ.

'ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗಲಿಲ್ಲ, ಅದಕ್ಕೇ ಬಲ ಪೋಲಾಯಿತು' ಎನ್ನುತ್ತೀರಾ? ರಿಂಗೆಲ್‌ಮನ್ ಕೂಡ ಮುಖ್ಯವಾಗಿ ಹಾಗೇ ಅಂದುಕೊಂಡಿದ್ದರು. 1974ರಲ್ಲಿ ಅಮೆರಿಕದ ಅಲನ್ ಇಂಗಮ್ ಮತ್ತು ಸಂಗಡಿಗರು ಒಂದು ತರಲೆ ಉಪಾಯ ಹೂಡಿದರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂಭಾಗದಲ್ಲಿ ನಿಲ್ಲಿಸಿದರು. ಹಿಂದೆ ನಿಂತವರು ಎಳೆಯುವಂತೆ ನಟಿಸಿದರು, ಅಷ್ಟೇ! ನಿಜಕ್ಕೂ ಎಳೆಯುತ್ತಿದ್ದವನು ಮುಂದಿನವನೊಬ್ಬನೇ. ಹೊಂದಾಣಿಕೆ ತಪ್ಪುವ ಮಾತೇ ಇಲ್ಲ. ಆದರೂ ಹಿಂದೆ ಜನ ಇದ್ದಾರೆ ಎಂಬ ನಂಬಿಕೆಯೊಂದಕ್ಕೇ ಅವನ ಕೈ ಸಡಿಲವಾಯಿತು!

ಒಂದೇ ಕೈಯಿಂದ ಚಪ್ಪಾಳೆ ಆಗದು, ನಿಜ. ಹನ್ನೆರಡು ಕೈ ಸೇರಿದರೆ? ಅದನ್ನೂ ಅಳೆದಿದ್ದಾರೆ! 1979ರಲ್ಲಿ ಬಿಬ್ ಲಾಟನೆ, ಕಿಪ್ಲಿಂಗ್ ವಿಲಿಯಮ್ಸ್, ಸ್ಟೀಫನ್ ಹಾರ್ಕಿನ್ಸ್ ಎಂಬ ಮೂವರು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಆರಾರು ಜನರಂತೆ ಕೂರಿಸಿದರು. ಐದು ಸೆಕೆಂಡು, ಆದಷ್ಟು ಜೋರಾಗಿ ಚಪ್ಪಾಳೆ ತಟ್ಟಿ ಅಥವಾ ಕೂಗಿ ಎಂದರು. ಕೆಲವು ಸಲ ಒಬ್ಬೊಬ್ಬರೇ, ಕೆಲವು ಸಲ ಜೊತೆಯಾಗಿ. ಸದ್ದು ಅಳೆಯುವ ಮೀಟರ್ ಎದುರಿಗೇ ಇತ್ತು. ಆರು ಜನ ಸೇರಿದಾಗ ಬಂದ ಸದ್ದು, ಒಬ್ಬೊಬ್ಬರ ಸದ್ದನ್ನು ಕೂಡಿದರೆ ಬರಬೇಕಾಗಿದ್ದರ ಶೇ. 40 ಮಾತ್ರ!

ಇಲ್ಲೂ ಒಂದು ತಕರಾರು ಬರಬಹುದು. ಒಬ್ಬರ ಸದ್ದನ್ನು ಇನ್ನೊಬ್ಬರ ಸದ್ದು ಅಳಿಸಿಹಾಕಿರಬಹುದಲ್ಲ? ಅದಕ್ಕೇ ಎರಡನೇ ಸುತ್ತಿನಲ್ಲಿ ಕಣ್ಣಿಗೆ ಬಟ್ಟೆ, ಕಿವಿಗೆ ಹೆಡ್‌ಫೋನ್! ಕಿವಿ ತುಂಬ ಗದ್ದಲ ಕೇಳಿಸುತ್ತಿತ್ತು. ಜೊತೆಗೆ ಐವರು ಕೂಗುತ್ತಿದ್ದಾರೆ ಎಂದು ಹೇಳಲಾಗುತ್ತಿತ್ತು, ಕೂಗುತ್ತಿದ್ದವನು ಮಾತ್ರ ಒಬ್ಬನೇ. ಅವನ ದನಿ ಒಂಟಿಯಾಗಿ ಕೂಗಿದ್ದರ ಶೇ. 74ಕ್ಕೆ ಇಳಿಯಿತು. ಗಂಟಲು ಅದೇ, ಕೋಣೆ ಅದೇ. ಬದಲಾಗಿದ್ದು ನಂಬಿಕೆಯೊಂದೇ! ಇದಕ್ಕೆ ಅವರಿಟ್ಟ ಹೆಸರು 'ಸೋಷಿಯಲ್ ಲೋಫಿಂಗ್', ಅಂದರೆ ಗುಂಪಿನಲ್ಲಿ ಮೈಗಳ್ಳತನ.

ತಮಾಷೆ ಏನೆಂದರೆ, ಮೈಗಳ್ಳರಿಗೆ ತಾವು ಮೈಗಳ್ಳರು ಎಂಬುದೇ ತಿಳಿಯುವುದಿಲ್ಲ! ಇಂಥ ಪ್ರಯೋಗದಲ್ಲಿ ಭಾಗವಹಿಸಿದವರನ್ನು ಕೇಳಿದರೆ, ಒಬ್ಬರೇ ಇದ್ದಾಗಲೂ ಗುಂಪಿನಲ್ಲಿದ್ದಾಗಲೂ ಒಂದೇ ಸಮ ತಟ್ಟಿದೆವು ಎನ್ನುತ್ತಾರೆ. ನಿಮ್ಮ ಪ್ರಾಜೆಕ್ಟ್ ಗುಂಪಿನಲ್ಲಿ ಏನೂ ಮಾಡದ ಮಹಾಶಯನೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಪಾಪ!

ಈ ಮೈಗಳ್ಳತನ ಮಾಯವಾಗಿದ್ದು ಹೇಗೆ ಗೊತ್ತೇ? ಭಾಷಣದಿಂದಲ್ಲ, ಬೈಗುಳದಿಂದಲೂ ಅಲ್ಲ. ಅದೇ ಮೂವರು 1981ರಲ್ಲಿ, ಗುಂಪಿನಲ್ಲಿ ಕೂಗಿದರೂ ಯಾರ ದನಿ ಎಷ್ಟು ಎಂದು ಬೇರೆಬೇರೆಯಾಗಿ ತಿಳಿಯುತ್ತದೆ ಎಂದು ಹುಡುಗರನ್ನು ನಂಬಿಸಿದರು. ಕೂಗು ಮತ್ತೆ ಪೂರ್ತಿ ಏರಿತು! ಇನ್ನೊಂದು ಗುಂಪಿಗೆ, ಒಬ್ಬೊಬ್ಬರ ಲೆಕ್ಕ ಇಡುವುದೇ ಇಲ್ಲ ಎಂದರು. ಅವರು ಒಬ್ಬರೇ ಇದ್ದಾಗಲೂ ಸಣ್ಣದಾಗಿಯೇ ಕೂಗಿದರು!

ಈಗ ನಿಮ್ಮ ಕಾಲೇಜಿನ ಪ್ರಾಜೆಕ್ಟ್ ವರದಿ ನೆನಪಿಸಿಕೊಳ್ಳಿ. ಮುಖಪುಟದಲ್ಲಿ ನಾಲ್ಕು ಹೆಸರು, ನಾಲ್ವರಿಗೂ ಒಂದೇ ಅಂಕ. ಯಾರು ಯಾವ ಅಧ್ಯಾಯ ಬರೆದರು ಎಂಬುದಕ್ಕೆ ಜಾಗವೇ ಇಲ್ಲ! ಓಹಾಯೋದ ಪ್ರಯೋಗಾಲಯದಲ್ಲಿ ಕಷ್ಟಪಟ್ಟು ಮಾಡಿದ ಏರ್ಪಾಡನ್ನು ನಾವು ಪುಕ್ಕಟೆಯಾಗಿ ಮಾಡಿಬಿಟ್ಟಿದ್ದೇವೆ!

ಇನ್ನೂ ವಿಚಿತ್ರ ಬೇಕೇ? ಜೊತೆಗಾರ ಏನೂ ಮಾಡುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ, ಕೆಲಸ ಮುಖ್ಯವೂ ಆಗಿದ್ದರೆ, ಕೆಲವರು ಒಬ್ಬರೇ ಇದ್ದಾಗಿನದಕ್ಕಿಂತ ಹೆಚ್ಚು ದುಡಿಯುತ್ತಾರೆ! ವಿಲಿಯಮ್ಸ್ ಮತ್ತು ಸ್ಟೀವನ್ ಕರಾವ್ 1991ರಲ್ಲಿ ಇದನ್ನು ತೋರಿಸಿದರು. ರಾತ್ರಿ ಎರಡು ಗಂಟೆಗೆ ಸ್ಲೈಡು ತಿದ್ದುವ ಹುಡುಗಿ ಪ್ರತಿ ಗುಂಪಿನಲ್ಲೂ ಒಬ್ಬಳಿರುತ್ತಾಳಲ್ಲ, ಅವಳಿಗೂ ಒಂದು ಸಂಶೋಧನೆ ಉಂಟು!

ಕೈ ದುಡಿಯದ ಕತೆ ಇದಾದರೆ, ಬಾಯಿ ತೆರೆಯದ ಕತೆ ಇನ್ನೂ ಮಜಾ. 'ಅರ್ಥ ಆಯ್ತಾ?' ಎನ್ನುತ್ತಾರೆ ಮೇಷ್ಟ್ರು. ತರಗತಿ ಗಪ್‌ಚಿಪ್. 'ಸರಿ, ಮುಂದಕ್ಕೆ ಹೋಗೋಣ!' ಆದರೆ ಎಷ್ಟು ಜನಕ್ಕೆ ಅರ್ಥವಾಗಿತ್ತು? ಒಬ್ಬರಿಗೂ ಆಗಿರದೆ ಇರಬಹುದು!

1987ರಲ್ಲಿ ಡೇಲ್ ಮಿಲ್ಲರ್ ಮತ್ತು ಕ್ಯಾಥಿ ಮೆಕ್‌ಫಾರ್ಲೆಂಡ್ ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳ ಸಣ್ಣ ಗುಂಪಿಗೆ ಒಂದು ಲೇಖನ ಕೊಟ್ಟರು. ಯಾರಿಗೂ ತಲೆಬುಡ ತಿಳಿಯಬಾರದೆಂದೇ ಸಿದ್ಧಪಡಿಸಿದ ಲೇಖನ ಅದು! ತೀರಾ ಅರ್ಥವಾಗದಿದ್ದರೆ ನನ್ನ ಕೋಣೆಗೆ ಬಂದು ಕೇಳಿ ಎಂದು ಹೇಳಿ ಪ್ರಯೋಗ ನಡೆಸುವವರು ಎದ್ದು ಹೋದರು. ಎಷ್ಟು ಜನ ಹೋಗಿ ಕೇಳಿದರು ಹೇಳಿ ನೋಡೋಣ? ಸೊನ್ನೆ!

ಅದಕ್ಕಿಂತ ಬೆರಗಿನ ಸಂಗತಿ ಆಮೇಲಿನದು. ಅವರನ್ನು ಕೇಳಿದಾಗ, ತನಗಿಂತ ಉಳಿದವರಿಗೆ ಚೆನ್ನಾಗಿ ಅರ್ಥವಾಗಿದೆ ಎಂಬ ಎಣಿಕೆ ಅವರದಾಗಿತ್ತು. 'ನಾನು ಕೇಳದಿದ್ದದ್ದು ನಾಚಿಕೆಯಿಂದ. ಅವರು ಕೇಳದಿದ್ದದ್ದು ತಿಳಿದಿದ್ದರಿಂದ.' ಮೌನ ಒಂದೇ, ತನ್ನದಕ್ಕೆ ಒಂದು ಅರ್ಥ, ಪಕ್ಕದವನದಕ್ಕೆ ಇನ್ನೊಂದು! ಈ ಎಡವಟ್ಟಿಗೆ ಮನಶ್ಶಾಸ್ತ್ರದಲ್ಲಿ 'ಪ್ಲೂರಲಿಸ್ಟಿಕ್ ಇಗ್ನೊರೆನ್ಸ್' ಎನ್ನುತ್ತಾರೆ.

ಹೀಗೆ ಸುಮ್ಮನಿರುವ ಚಟ ಹೊಗೆ ಬಂದರೂ ಬಿಡುವುದಿಲ್ಲ! ಲಾಟನೆ ಮತ್ತು ಜಾನ್ ಡಾರ್ಲಿ 1968ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ವಿದ್ಯಾರ್ಥಿಗಳು ಫಾರಂ ತುಂಬುತ್ತಿದ್ದ ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ಶೇ. 75 ಮಂದಿ ಎದ್ದು ಹೋಗಿ ತಿಳಿಸಿದರು. ಜೊತೆಯಲ್ಲಿ ಏನೂ ಆಗಿಲ್ಲವೆಂಬಂತೆ ನಟಿಸುವ ಇಬ್ಬರು ಕೂತಾಗ ತಿಳಿಸಿದವರು ಶೇ. 10! ಮಿಕ್ಕವರು ಕಣ್ಣುಜ್ಜಿಕೊಂಡು, ಕೆಮ್ಮುತ್ತಾ ಫಾರಂ ತುಂಬುತ್ತಲೇ ಇದ್ದರು!

ಹಾಗಾದರೆ ಕ್ಲಾಸಿನಲ್ಲಿ ಮಾತಾಡುವವರು ಎಷ್ಟು ಮಂದಿ? ಡೇವಿಡ್ ಕಾರ್ಪ್ ಮತ್ತು ವಿಲಿಯಂ ಯೋಲ್ಸ್ 1976ರಲ್ಲಿ ಅಮೆರಿಕದ ಕಾಲೇಜು ತರಗತಿಗಳ ಮಾತಿನ ಲೆಕ್ಕ ಕೊಟ್ಟರು. ನಲವತ್ತಕ್ಕಿಂತ ಕಡಿಮೆ ಮಂದಿಯ ತರಗತಿಯಲ್ಲಿ ಮುಕ್ಕಾಲು ಪಾಲು ಮಾತು ನಾಲ್ಕೈದು ಜನರದ್ದೇ! ಆ ನಾಲ್ಕೈದು ಜನ ಇದ್ದಾರಲ್ಲ ಎಂದು ಮಿಕ್ಕವರು ನಿಶ್ಚಿಂತೆಯಿಂದ ಕೂತಿರುತ್ತಾರೆ.

ಮೇಷ್ಟ್ರದ್ದೂ ಒಂದು ತಪ್ಪುಂಟು ಎಂದರೆ ನಂಬುತ್ತೀರಾ? ಪ್ರಶ್ನೆ ಕೇಳಿದ ಮೇಲೆ ಅವರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು! ಅಮೆರಿಕದ ಮೇರಿ ಬಡ್ ರೋ ಎಂಬಾಕೆ ಪಾಠಗಳ ಟೇಪುಗಳನ್ನು ಕೇಳಿ ಇದನ್ನು ಪತ್ತೆ ಮಾಡಿದರು. ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿ ಬಿಟ್ಟರು!

ಹಾರ್ವರ್ಡಿನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 'ಅರ್ಥ ಆಯ್ತಾ?' ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟರು. 1990ರ ದಶಕದ ಆರಂಭದಲ್ಲಿ ಅವರ ತರಗತಿಯಲ್ಲಿ ಶುರುವಾದದ್ದು ಇಷ್ಟು: ಹಲವು ಉತ್ತರಗಳಿರುವ ಒಂದು ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ತಮ್ಮ ಪಾಡಿಗೆ ಯೋಚಿಸಿ ಮತ ಹಾಕಬೇಕು, ಕಾರ್ಡಿನಿಂದಲೋ ಬಟನ್ನಿನಿಂದಲೋ. ಉತ್ತರಗಳು ಚದುರಿದ್ದರೆ ಪಕ್ಕದವರ ಜೊತೆ ವಾದ ಮಾಡಿ ಮತ್ತೊಮ್ಮೆ ಮತ. ಗೊತ್ತಿಲ್ಲದವನು ತಾನೊಬ್ಬನೇ ಅಲ್ಲ ಎಂಬುದು ಇಡೀ ತರಗತಿಗೆ ಎರಡೇ ನಿಮಿಷದಲ್ಲಿ ಬಯಲು!

ಮೇಷ್ಟ್ರೇ, ಬಟನ್ನೂ ಬೇಡ, ಕಾರ್ಡೂ ಬೇಡ. ನಾಳೆ ಪಾಠ ಮುಗಿದ ಮೇಲೆ ಒಂದೊಂದು ಚೀಟಿ ಕೊಟ್ಟು, ಹೆಸರಿಲ್ಲದೆ, ಅರ್ಥವಾಗದ ಒಂದು ವಿಷಯ ಬರೆಯಲು ಹೇಳಿ. ಎಷ್ಟು ಚೀಟಿ ಖಾಲಿ ಬರುತ್ತವೆ, ಎಣಿಸಿ ನೋಡಿ!