ಚಿತ್ರದಲ್ಲಿ 1,400, ಖಾತೆಯಲ್ಲಿ 14!

ಅವ್ವ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಾಳೆ. ಅದರ ಫೋಟೊ ಇನ್‌ಸ್ಟಾಗ್ರಾಂಗೆ ಹಾಕುವುದು, ಪಾರ್ಸೆಲ್ ಕಳಿಸುವುದು ಬಿಇ ಓದುತ್ತಿರುವ ನನ್ನ ಕೆಲಸ.

ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬರು 1,400 ರೂಪಾಯಿಯ ಕೌದಿ ಕೇಳಿದರು. ‘ಪೇಮೆಂಟ್ ಆಯ್ತು, ಇವತ್ತೇ ಕಳಿಸಿಬಿಡಿ’ ಎಂದು ಸ್ಕ್ರೀನ್‌ಶಾಟ್ ಬಂತು. ಹಸಿರು ಟಿಕ್, ಅವ್ವನ ಹೆಸರು, ಸಮಯ ಎಲ್ಲವೂ ಇದ್ದವು. ನಾನೇನು ಕಡಿಮೆ? ಅದರಲ್ಲಿದ್ದ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಅವ್ವನ ಫೋನ್‌ನಲ್ಲಿ ಹುಡುಕಿದೆ. ಸಿಕ್ಕಿತು! ಪಾರ್ಸೆಲ್‌ಗೆ ಟೇಪ್ ಸುತ್ತತೊಡಗಿದೆ.

‘ರೊಕ್ಕ ಎಷ್ಟ ಬಂದೈತಿ?’ ಅವ್ವ ಕೇಳಿದಳು. ಮತ್ತೆ ನೋಡಿದರೆ, ಬಂದದ್ದು ಬರೀ 14 ರೂಪಾಯಿ!

ಆತ ನಿಜವಾಗಿಯೂ 14 ರೂಪಾಯಿ ಕಳಿಸಿ, ಚಿತ್ರದಲ್ಲಿ ಎರಡು ಸೊನ್ನೆ ಸೇರಿಸಿದ್ದ. ಹಾಗಾಗಿ ಹೆಸರು, ಸಮಯ, ಯುಟಿಆರ್ ಎಲ್ಲವೂ ಅಸಲಿ, ಮೊತ್ತವೊಂದೇ ನಕಲಿ. ದೊಡ್ಡದು ಮಾಡಿ ನೋಡಿದಾಗ ಆ ಸೊನ್ನೆಗಳು ತುಸು ತೆಳ್ಳಗಿದ್ದವು. ಆದರೆ ಇನ್ನೊಬ್ಬ ಇದನ್ನೇ ನೀಟಾಗಿ ಮಾಡಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ.

‘14 ಬಂದಿದೆ, ಉಳಿದ 1,386 ಕಳಿಸಿ’ ಎಂದು ಬರೆದೆ. ನನ್ನನ್ನು ಬ್ಲಾಕ್ ಮಾಡಿದ.

ಈಗ ಸ್ಕ್ರೀನ್‌ಶಾಟ್ ಕೇಳುವುದನ್ನೇ ಬಿಟ್ಟಿದ್ದೇನೆ. ಬ್ಯಾಂಕ್ ಆ್ಯಪ್ ತೆರೆದು, ಜಮೆಯಾದ ಮೊತ್ತ ಓದಿದ ಮೇಲೆಯೇ ಪಾರ್ಸೆಲ್ ಮೇಲೆ ವಿಳಾಸ ಬರೆಯುತ್ತೇನೆ. ಹಣ ಬರುವುದು ತಡವಾದರೆ ಪಾರ್ಸೆಲ್ಲೂ ಕಾಯುತ್ತದೆ. ಅಕಸ್ಮಾತ್ ಮಾಲು ಕಳಿಸಿ ಮೋಸಹೋದರೆ ಚಾಟ್, ಸ್ಕ್ರೀನ್‌ಶಾಟ್ ಅಳಿಸದೆ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ.

ಆ 14 ರೂಪಾಯಿ? ‘ದಾರಕ್ಕ ಆತು ಬಿಡು’ ಅಂದಳು ಅವ್ವ.