ಅಲೆತೊಟ್ಟಿಯಲ್ಲಿ ವೇಗದ ಅಳತೆ

ಮಳೆಗಾಲದಲ್ಲಿ ಮಾಟುಂಗದ ಕಿಂಗ್ಸ್ ಸರ್ಕಲ್ ಬಳಿ ರಸ್ತೆಯ ಮೇಲೆ ನೀರು ನಿಲ್ಲುವುದು ಮುಂಬಯಿಯವರಿಗೆ ಹೊಸ ಸಂಗತಿಯಲ್ಲ. ಆ ನೀರಿನ ಮೇಲೆ ಒಂದು ಹನಿ ಬಿದ್ದಾಗ ಏಳುವ ಬಳೆಯಂಥ ಅಲೆಗಳು ಎಷ್ಟು ವೇಗವಾಗಿ ಹರಡುತ್ತವೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಕಣ್ಣಿನ ಅಂದಾಜಿಗೆ ಅದು ಸಿಗುವುದೂ ಇಲ್ಲ. ಈ ಪ್ರಶ್ನೆಯನ್ನು ಕೊಠಡಿಯೊಳಗೆ ತಂದು, ಸಾವಧಾನವಾಗಿ ಉತ್ತರಿಸಲು ಅನುಕೂಲ ಮಾಡಿಕೊಡುವ ಸಾಧನವೇ ಅಲೆತೊಟ್ಟಿ.

ಗಾಜಿನ ತಳವುಳ್ಳ, ಆಳವಿಲ್ಲದ ಒಂದು ತೊಟ್ಟಿ. ಅದರಲ್ಲಿ ಸುಮಾರು 8 ಮಿಲಿಮೀಟರು ನೀರು. ಮೇಲೆ ಒಂದು ಚಿಕ್ಕ ದೀಪ. ಕೆಳಗೆ ಬಿಳಿಯ ಕಾಗದ. ಸಣ್ಣ ಮೋಟಾರೊಂದು ಮರದ ಪಟ್ಟಿಯನ್ನು ಅದುರಿಸುತ್ತದೆ, ಪಟ್ಟಿಯು ನೀರನ್ನು ತಟ್ಟಿದಂತೆ ನೇರವಾದ ಅಲೆಗಳು ಸಾಲುಸಾಲಾಗಿ ಹೊರಡುತ್ತವೆ. ಅಲೆಯ ಪ್ರತಿಯೊಂದು ಉಬ್ಬೂ ಉಬ್ಬುಮಸೂರದಂತೆ ಬೆಳಕನ್ನು ಕೂಡಿಸುವುದರಿಂದ, ಕಾಗದದ ಮೇಲೆ ಬೆಳ್ಳಗಿನ ಗೆರೆಗಳು ಸಾಗುತ್ತಿರುವುದು ಕಾಣುತ್ತದೆ. ತೊಟ್ಟಿಯ ಅಂಚುಗಳಲ್ಲಿ ಜಾಲರಿಯ ಬಟ್ಟೆಯನ್ನು ಇಳಿಜಾರಾಗಿ ಇಡದಿದ್ದರೆ ಅಲೆಗಳು ಮರಳಿ ಬಂದು ಹೊಸ ಅಲೆಗಳೊಡನೆ ಬೆರೆತು ಚಿತ್ರವನ್ನು ಕದಡುತ್ತವೆ. ಕೊಠಡಿಯ ಫ್ಯಾನನ್ನು ನಿಲ್ಲಿಸುವುದೂ ಅಗತ್ಯ. ಮುಂಬಯಿಯ ಸೆಕೆಯಲ್ಲಿ ಈ ಪ್ರಯೋಗದ ಅತಿ ಕಷ್ಟದ ಭಾಗ ಬಹುಶಃ ಇದೇ ಇರಬಹುದು.

ಅಲೆಯ ವೇಗವು ಆವೃತ್ತಿ ಮತ್ತು ತರಂಗಾಂತರಗಳ ಗುಣಲಬ್ಧವೆಂಬುದು, ಅಂದರೆ v = fλ ಎಂಬುದು, ಎಲ್ಲರೂ ಬಲ್ಲ ಸೂತ್ರ. ಎರಡು ಸಂಖ್ಯೆಗಳನ್ನು ಅಳೆದು ಗುಣಿಸಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ಆ ಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ಪ್ರಶ್ನೆ ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ಆವೃತ್ತಿಯನ್ನು ಅಳೆಯಲು ಕೈಯಿಂದ ತಿರುಗಿಸುವ ಸ್ಟ್ರೋಬೊಸ್ಕೋಪನ್ನು ಬಳಸುವುದು ವಾಡಿಕೆ. ಅದು ಅಂಚಿನಲ್ಲಿ ಸಮದೂರದ ಸೀಳುಗಳುಳ್ಳ ಒಂದು ತಟ್ಟೆ, ಅಷ್ಟೆ. ಒಂದು ಸೀಳು ಹೋಗಿ ಮುಂದಿನ ಸೀಳು ಕಣ್ಣೆದುರಿಗೆ ಬರುವಷ್ಟರಲ್ಲಿ ಪ್ರತಿ ಅಲೆಯೂ ತನ್ನ ಮುಂದಿನ ಅಲೆಯ ಸ್ಥಾನಕ್ಕೆ ಬಂದು ನಿಂತರೆ ಚಿತ್ರವು ಸ್ಥಿರವಾಗಿ ಕಾಣುತ್ತದೆ. ಇಲ್ಲಿ ಒಂದು ಮೋಸವಿದೆ. ತಟ್ಟೆಯನ್ನು ಅರ್ಧ ವೇಗದಿಂದ ತಿರುಗಿಸಿದಾಗಲೂ ಚಿತ್ರ ನಿಂತಂತೆಯೇ ಕಾಣುತ್ತದೆ. ಆಗ ಪ್ರತಿ ಅಲೆ ಎರಡು ಸ್ಥಾನ ಮುಂದೆ ಸಾಗಿರುತ್ತದೆ, ಆದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೀಗೆ ಮೋಸಹೋದವನಿಗೆ ಬರುವ ವೇಗ ನಿಜದ ಅರ್ಧ ಮಾತ್ರ. ಪರಿಹಾರವೇನೆಂದರೆ, ತಟ್ಟೆಯ ವೇಗವನ್ನು ಏರಿಸುತ್ತಲೇ ಹೋಗಬೇಕು. ನಿಜವಾದ ಆವೃತ್ತಿಯ ಎರಡರಷ್ಟಾದಾಗ ಗೆರೆಗಳ ನಡುವೆ ಹೊಸ ಗೆರೆಗಳು ಮೂಡಿ, ಅಂತರವು ಅರ್ಧವಾದಂತೆ ಕಾಣುತ್ತದೆ. ಅದಕ್ಕೆ ಹಿಂದೆ ಕಂಡ ಸ್ಥಿರಚಿತ್ರವೇ ಸರಿಯಾದುದು.

ಒಂದು ಪ್ರಯೋಗದ ಅಂಕಿಗಳನ್ನು ಹೀಗೆಂದು ಇಟ್ಟುಕೊಳ್ಳೋಣ. ತಟ್ಟೆಗೆ 8 ಸೀಳುಗಳು. ಚಿತ್ರ ನಿಂತಿರುವಾಗ 10 ಸುತ್ತಿಗೆ ಹಿಡಿದ ಕಾಲ ಐದು ಸಲದಲ್ಲಿ 7.9, 8.2, 8.0, 7.8, 8.1 ಸೆಕೆಂಡುಗಳು. ಸರಾಸರಿ 8.0 ಸೆಕೆಂಡು, ಆದುದರಿಂದ ಆವೃತ್ತಿಯು 80 ಭಾಗಿಸು 8.0, ಅಂದರೆ ಸೆಕೆಂಡಿಗೆ 10.0. ಐದು ಅಳತೆಗಳ ಚೆದರುವಿಕೆಯಿಂದ ಗುಣಿಸಿದರೆ ಸರಾಸರಿಯ ಅನಿಶ್ಚಿತತೆ 0.07 ಸೆಕೆಂಡು, ಅಂದರೆ ಶೇಕಡಾ 0.9. ಗಡಿಯಾರವನ್ನು ಒತ್ತುವ ಬೆರಳಿನ ತಡವೂ, ಚಿತ್ರ ನಿಂತಿತೆಂದು ಕಣ್ಣು ತೀರ್ಮಾನಿಸುವಲ್ಲಿನ ಏರುಪೇರೂ ಈ ಚೆದರುವಿಕೆಯಲ್ಲಿಯೇ ಅಡಗಿವೆ.

ತರಂಗಾಂತರದ ಅಳತೆಯಲ್ಲಿ ಎರಡು ಸಂಗತಿಗಳುಂಟು. ಬೆಳ್ಳಗಿನ ಗೆರೆ ಕೂದಲೆಳೆಯಲ್ಲ. ಅದಕ್ಕೆ ಕೆಲವು ಮಿಲಿಮೀಟರು ಅಗಲವಿರುವುದರಿಂದ ಒಂದೊಂದು ತುದಿಯಲ್ಲಿಯೂ 2 ಮಿಲಿಮೀಟರಿನಷ್ಟು ಸಂದೇಹ ಉಳಿಯುತ್ತದೆ. ಎರಡು ತುದಿಗಳೂ ಸೇರಿ ಸುಮಾರು 3 ಮಿಲಿಮೀಟರು. ಒಂದೇ ಅಲೆಯನ್ನು ಅಳೆದು 3.5 ಸೆಂಟಿಮೀಟರು ಎಂದು ಬರೆದರೆ ಆ ಸಂದೇಹ ಶೇಕಡಾ 9ರಷ್ಟಾಗುತ್ತದೆ. ಹತ್ತು ಅಲೆಗಳ ಉದ್ದವನ್ನು ಒಮ್ಮೆಗೇ ಅಳೆದು 35.0 ಸೆಂಟಿಮೀಟರು ಪಡೆದರೆ ಅದೇ 3 ಮಿಲಿಮೀಟರು ಶೇಕಡಾ 0.9ಕ್ಕೆ ಇಳಿಯುತ್ತದೆ. ಶ್ರಮ ಅಷ್ಟೇ, ಫಲ ಹತ್ತು ಪಟ್ಟು.

ಇನ್ನೊಂದು ಸಂಗತಿ, ಕಾಗದದ ಮೇಲಿನದು ನೆರಳೇ ಹೊರತು ಅಲೆಯಲ್ಲ. ದೀಪದ ಬೆಳಕು ಹರಡುತ್ತ ಬರುವುದರಿಂದ ನೆರಳು ಅಲೆಗಿಂತ ದೊಡ್ಡದು. ಎಷ್ಟು ದೊಡ್ಡದೆಂಬುದನ್ನು ತಿಳಿಯಲು 10.0 ಸೆಂಟಿಮೀಟರಿನ ಒಂದು ಪಟ್ಟಿಯನ್ನು ನೀರಿನ ಮೇಲ್ಮೈಯ ಮಟ್ಟದಲ್ಲಿ ಹಿಡಿದು, ಅದರ ನೆರಳನ್ನು ಅಳೆಯಬೇಕು. ನೆರಳು 15.0 ಸೆಂಟಿಮೀಟರು ಬಂದಿತೆನ್ನೋಣ, ವರ್ಧನೆ 1.50. ನೆರಳಿನಲ್ಲಿ 1 ಮಿಲಿಮೀಟರು, ಪಟ್ಟಿಯಲ್ಲಿ ಅರ್ಧ ಮಿಲಿಮೀಟರು ಸಂದೇಹವಿದ್ದರೆ ವರ್ಧನೆಯ ಅನಿಶ್ಚಿತತೆ ಶೇಕಡಾ 0.8. ಹೀಗೆ ನಿಜವಾದ ತರಂಗಾಂತರವು 2.33 ಸೆಂಟಿಮೀಟರು.

ಗುಣಾಕಾರ ಭಾಗಾಕಾರಗಳಲ್ಲಿ ಒಂದನ್ನೊಂದು ಅವಲಂಬಿಸದ ದೋಷಗಳು ನೇರವಾಗಿ ಕೂಡುವುದಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ವಾಲುವುದು ಅಪರೂಪವಷ್ಟೆ. ಆದುದರಿಂದ ಅವುಗಳ ಶೇಕಡಾ ಪ್ರಮಾಣಗಳನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುವುದು ಕ್ರಮ. 0.9, 0.9, 0.8 ಈ ಮೂರರಿಂದ ಬರುವುದು ಸುಮಾರು 1.5. ವೇಗವು ಸೆಕೆಂಡಿಗೆ 23.3 ಸೆಂಟಿಮೀಟರು, ಅದರ ಶೇಕಡಾ 1.5 ಎಂದರೆ 0.3. ಉತ್ತರವನ್ನು 23.3 ± 0.3 ಎಂದು ಬರೆಯಬೇಕು. ಯಂತ್ರವು ತೋರಿಸುವ 23.3333 ಎಂಬ ಉದ್ದ ಬಾಲವನ್ನು ಬರೆದಿಡುವುದು ವಿಜ್ಞಾನವೆನಿಸದು.

ಈ 0.3 ಎಲ್ಲ ತಪ್ಪುಗಳಿಂದಲೂ ರಕ್ಷಿಸುತ್ತದೆಂದು ಭಾವಿಸಬಾರದು. ವರ್ಧನೆಯನ್ನು ಮರೆತವನಿಗೆ 35.0 ಎಂಬ ಉತ್ತರ ಬರುತ್ತದೆ. ಅದರ ಪಕ್ಕದಲ್ಲಿಯೂ ಅವನು ± 0.4 ಎಂದು ನಿಶ್ಚಿಂತೆಯಿಂದ ಬರೆಯಬಲ್ಲನು. ನೂರು ಸಲ ಅಳೆದರೂ ಆ ತಪ್ಪು ಕರಗದು.

ಇಷ್ಟೆಲ್ಲ ಲೆಕ್ಕದ ಪ್ರಯೋಜನ ಕಾಣುವುದು ಮುಂದಿನ ಪ್ರಶ್ನೆಯಲ್ಲಿ: ಆವೃತ್ತಿ ಬದಲಾದರೆ ವೇಗವೂ ಬದಲಾಗುವುದೇ? ಮೋಟಾರಿನ ಓಟವನ್ನು ಹೆಚ್ಚಿಸಿ ಸೆಕೆಂಡಿಗೆ 20 ಅಲೆಗಳನ್ನು ಎಬ್ಬಿಸಿದಾಗ 23.8 ದೊರೆಯಿತೆನ್ನೋಣ. ಅವಸರದವನು ವೇಗ ಹೆಚ್ಚಿತೆಂದು ಘೋಷಿಸಬಹುದು. ಎರಡಕ್ಕೂ ಒಂದೇ ವರ್ಧನೆ ಇರುವುದರಿಂದ ಹೋಲಿಕೆಯಲ್ಲಿ ಅದರ ದೋಷವನ್ನು ಬಿಡಬಹುದು; ಆದರೂ ಉಳಿದ ದೋಷಗಳಿಂದ ವ್ಯತ್ಯಾಸವು 0.5 ± 0.4 ಆಗುತ್ತದೆ. ಇಷ್ಟರಿಂದ ಯಾವ ತೀರ್ಮಾನವೂ ಸಾಧ್ಯವಿಲ್ಲ. ಅದೇ ಆವೃತ್ತಿಯನ್ನು 5ಕ್ಕೆ ಇಳಿಸಿದರೆ ವೇಗ 26ರ ಸಮೀಪಕ್ಕೆ ಏರುತ್ತದೆ. ಈ ಅಂತರ ಅನಿಶ್ಚಿತತೆಯ ಹಲವು ಪಟ್ಟಿರುವುದರಿಂದ ಅದನ್ನು ನಂಬಲೇಬೇಕು.

ಕಾರಣವನ್ನು ಬಹು ಹಿಂದೆಯೇ ಕಂಡುಹಿಡಿದಿದ್ದಾರೆ. ಉದ್ದನೆಯ ಅಲೆಗಳನ್ನು ನೀರಿನ ಭಾರ ನಡೆಸುತ್ತದೆ, ಗಿಡ್ಡ ಅಲೆಗಳನ್ನು ಮೇಲ್ಮೈಯ ಎಳೆತ ನಡೆಸುತ್ತದೆ. ಇವೆರಡೂ ಸಮನಾಗುವಲ್ಲಿ, ಸುಮಾರು 1.7 ಸೆಂಟಿಮೀಟರು ತರಂಗಾಂತರದಲ್ಲಿ, ವೇಗವು ಅತ್ಯಂತ ಕಡಿಮೆಯಾಗಿ ಸೆಕೆಂಡಿಗೆ 23 ಸೆಂಟಿಮೀಟರಿನಷ್ಟಿರುತ್ತದೆ. 1871ರಲ್ಲಿ ಇದನ್ನು ವಿವರಿಸಿದವರು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್. ನಮ್ಮ ಮೊದಲ ಎರಡು ಅಳತೆಗಳು ಆ ತಗ್ಗಿನ ಎರಡು ದಡಗಳಲ್ಲಿ ಬಿದ್ದಿವೆ. ಅವು ಹತ್ತಿರ ಹತ್ತಿರ ಬಂದುದರಲ್ಲಿ ಆಶ್ಚರ್ಯವಿಲ್ಲ. ಸೆಕೆಂಡಿಗೆ 5 ಅಲೆಗಳಿರುವಾಗ ತರಂಗಾಂತರವು 5 ಸೆಂಟಿಮೀಟರನ್ನು ಮೀರುವುದರಿಂದ ತೊಟ್ಟಿಯ ತಳವೂ ಅಲೆಯನ್ನು ತಡೆಯತೊಡಗುತ್ತದೆ. ಆದಕಾರಣ ನೀರಿನ ಆಳವನ್ನು ಬರೆಯದ ಪ್ರಯೋಗದ ವರದಿ ಅಪೂರ್ಣ.

ಸಂಶಯಪಡಬೇಕಾದ ಮತ್ತೊಂದು ವಸ್ತು ಪ್ರಯೋಗಕಾರನ ಬೆರಳು. ಅದರ ಜಿಡ್ಡು ನೀರಿಗೆ ತಗುಲಿದರೆ ಮೇಲ್ಮೈಯ ಎಳೆತ ಕುಗ್ಗುತ್ತದೆ. 1890ರಲ್ಲಿ ಲಾರ್ಡ್ ರ‍್ಯಾಲೆ ಶುದ್ಧವಾದ ನೀರಿನ ಮತ್ತು ಜಿಡ್ಡು ತಗುಲಿದ ನೀರಿನ ಎಳೆತವನ್ನು ಇಂಥ ಕಿರಿಯಲೆಗಳಿಂದಲೇ ಅಳೆದನು. ಎಳೆತವು ಸೆಂಟಿಮೀಟರಿಗೆ 72 ಡೈನಿನಿಂದ 50ಕ್ಕೆ ಇಳಿದರೆ, ಸೆಕೆಂಡಿಗೆ 20 ಅಲೆಗಳಿರುವಾಗ ವೇಗವು 23.8ರಿಂದ 21.4ಕ್ಕೆ ಕುಸಿಯುತ್ತದೆ. ಈ ಕುಸಿತ ± 0.3ರ ಎಲ್ಲೆಯನ್ನು ಎಷ್ಟೋ ದೂರ ದಾಟಿರುವುದರಿಂದ ಅದನ್ನು ಅಳತೆಯ ತಪ್ಪೆಂದು ತಳ್ಳಿಹಾಕಲಾಗದು. ತೊಟ್ಟಿಯನ್ನು ಚೆನ್ನಾಗಿ ತೊಳೆದು, ಹೊಸ ನೀರು ತುಂಬಿ, ಮತ್ತೆ ಅಳೆಯಬೇಕು.